ದೀಪಾವಳಿ ಉಡುಗೊರೆ: ಯಾರಿಗೆ, ಎಷ್ಟರದ್ದು, ಯಾವ ಲೆಕ್ಕದಲ್ಲಿ?

ದಸರಾ ಹತ್ತಿರವಾದಂತೆ ವ್ಯಾಪಾರಸ್ಥ ಓದುಗರಿಂದ ಬರುವ ಪತ್ರಗಳಲ್ಲಿ ಹೆಚ್ಚಿನವು ಉಡುಗೊರೆಯ ಕುರಿತಾದವು. ಈ ಬಾರಿ ಬಂದವುಗಳಲ್ಲಿ ಐದನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಮೆಷಿನಿಂಗ್ ಘಟಕ, ಇಬ್ಬರು ಪಾಲುದಾರರು. ಹನ್ನೊಂದು ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುತ್ತೇವೆ. ದೀಪಾವಳಿಗೆ ಒಟ್ಟು 62 ಜನರಿಗೆ ಏನಾದರೂ ಕೊಡುವ ರೂಢಿ. ಕೈಯಲ್ಲಿರುವುದು ಒಂದು ಲಕ್ಷ ರೂಪಾಯಿ. ಎಲ್ಲರಿಗೂ ಒಂದೇ ಡಬ್ಬಿ ಕೊಟ್ಟರೆ ದೊಡ್ಡವರಿಗೆ ಸಣ್ಣದಾಯಿತು, ಸಣ್ಣವರಿಗೆ ದೊಡ್ಡದಾಯಿತು ಅನ್ನಿಸುತ್ತದೆ. ಹೇಗೆ ಹಂಚುವುದು?
— ಓದುಗರು, ಪೀಣ್ಯ

ಉತ್ತರ: ಹೆಚ್ಚಿನವರು ಯಾವ ಪಾರ್ಟಿಯಿಂದ ಎಷ್ಟು ಆರ್ಡರ್ ಬಂತು ಎಂದು ನೋಡಿ ಪಟ್ಟಿ ಮಾಡುತ್ತಾರೆ. ನಾನು ಅದಕ್ಕೂ ಮೊದಲು ಇನ್ನೊಂದನ್ನು ನೋಡಿ ಎನ್ನುತ್ತೇನೆ. ಪಟ್ಟಿಯಲ್ಲಿರುವ ವ್ಯಕ್ತಿ ನಿಮ್ಮಿಂದ ತನ್ನ ಹಣದಲ್ಲಿ ಕೊಳ್ಳುತ್ತಾನೋ, ತಾನು ಸಂಬಳ ಪಡೆಯುವ ಕಂಪನಿಯ ಹಣದಲ್ಲಿ ಕೊಳ್ಳುತ್ತಾನೋ? ಕಂಪನಿಯ ಮಾಲೀಕರಿಗೆ ನೀವು ನಾಲ್ಕು ಸಾವಿರದ ವಸ್ತು ಕೊಟ್ಟರೆ ಅದು ಇಬ್ಬರು ವ್ಯಾಪಾರಸ್ಥರ ನಡುವಿನ ಗೌರವ. ಅದೇ ವಸ್ತುವನ್ನು ದರ ನಿಗದಿ ಮಾಡುವ ಪರ್ಚೇಸ್ ಮ್ಯಾನೇಜರ್‌ಗೆ ಕೊಟ್ಟರೆ, ಅವರ ಮೇಲಿನವರಿಗೆ ಬೇರೆ ಪ್ರಶ್ನೆ ಏಳುತ್ತದೆ. ಆದ್ದರಿಂದ ಹಂತಗಳನ್ನು ಮಾಡುವಾಗ ಅಧಿಕಾರ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಬೆಲೆ ಏರಿಸಬೇಡಿ. ನಿರ್ಧಾರ ಮಾಡುವ ನೌಕರರ ಹಂತದಲ್ಲಿ ಕೈ ಬಿಗಿ ಹಿಡಿಯಿರಿ.

ನಿಮ್ಮ 62 ಜನರನ್ನು ಹೀಗೆ ವಿಂಗಡಿಸಬಹುದು. ಸ್ಟೋರ್ಸ್, ಕ್ವಾಲಿಟಿ, ಅಕೌಂಟ್ಸ್, ಗೇಟಿನವರು ಸೇರಿ 40 ಜನ ಎಂದಿಟ್ಟುಕೊಳ್ಳೋಣ. ಇವರಿಗೆ ತೆರಿಗೆ ಸೇರಿ 600 ರೂಪಾಯಿಯ ಡಬ್ಬಿ ಸಾಕು: ಕಾಲು ಕಿಲೋ ಗೋಡಂಬಿ, ಕಾಲು ಕಿಲೋ ಒಣದ್ರಾಕ್ಷಿ, ಗಟ್ಟಿಯಾದ ಪೆಟ್ಟಿಗೆ. ಇಲ್ಲಿಗೆ 24,000. ಪರ್ಚೇಸ್ ಮತ್ತು ಪ್ರೊಡಕ್ಷನ್ ಮುಖ್ಯಸ್ಥರು 18 ಜನರಾದರೆ ತಲಾ 1,800ರಂತೆ 32,400. ಇವರಿಗೆ ಚಿಕ್ಕಮಗಳೂರಿನ ಕಾಫಿ ಪುಡಿ, ಒಂದು ಸ್ಟೀಲ್ ಫಿಲ್ಟರ್, ಜೊತೆಗೆ ಚನ್ನಪಟ್ಟಣದ ಅರಗಿನ ಬಣ್ಣದ ಒಂದು ಮರದ ವಸ್ತು ಚೆನ್ನಾಗಿರುತ್ತದೆ. ಮಾಲೀಕರೇ ನಡೆಸುವ ನಾಲ್ಕು ಕಂಪನಿಗಳಿಗೆ ತಲಾ 4,000ದ ಬಿದರಿ ಕೆಲಸದ ವಸ್ತು ಕೊಟ್ಟರೆ 16,000. ಒಟ್ಟು 72,400. ಸಾಗಣೆ ಮತ್ತು ಪ್ಯಾಕಿಂಗಿಗೆ 9,000 ತೆಗೆದಿಡಿ. ಪಟ್ಟಿಯಲ್ಲಿ ಬಿಟ್ಟುಹೋದವರು, ಹೊಸದಾಗಿ ಸೇರಿದವರು ಇದ್ದೇ ಇರುತ್ತಾರೆ. ಅವರಿಗಾಗಿ 600ರ ಹತ್ತು ಡಬ್ಬಿ ಹೆಚ್ಚುವರಿ ಇರಲಿ. ಎಲ್ಲ ಸೇರಿ 87,400 ಆಯಿತು. ಉಳಿದ 12,600ವನ್ನು ಖರ್ಚು ಮಾಡಲೇಬೇಕೆಂದಿಲ್ಲ.

ಎರಡನೆಯ ಹಂತದ 18 ಹೆಸರುಗಳ ಪೈಕಿ ಯಾರ ಕಂಪನಿಯಲ್ಲಿ ಉಡುಗೊರೆಯ ಮಿತಿ ಇದೆಯೋ ಅವರನ್ನು ಮೊದಲ ಹಂತಕ್ಕೆ ಇಳಿಸಿ. ಅವರಿಗೇನೂ ಬೇಸರವಾಗುವುದಿಲ್ಲ. ಹಿಂದಕ್ಕೆ ಕಳುಹಿಸುವ ಮುಜುಗರ ತಪ್ಪಿತಲ್ಲ ಎಂದು ಸಮಾಧಾನವೇ ಆಗುತ್ತದೆ.

ಇನ್ನು ಖೋವಾದ ಸಿಹಿಯನ್ನು ಆರಿಸಬೇಡಿ. ನರಕ ಚತುರ್ದಶಿಯಿಂದ ಬಲಿಪಾಡ್ಯಮಿವರೆಗೆ ಕಚೇರಿಗಳು ಖಾಲಿ. ಡಬ್ಬಿ ಯಾರದೋ ಮೇಜಿನ ಮೇಲೆ ನಾಲ್ಕು ದಿನ ಕೂತರೆ ಕೆಟ್ಟುಹೋಗುತ್ತದೆ. ಒಣಹಣ್ಣಿನ ಡಬ್ಬಿಯಲ್ಲೂ ಪ್ಯಾಕ್ ಮಾಡಿದ ದಿನಾಂಕ, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಹಸಿರು ಚುಕ್ಕೆ ಇವೆಯೇ ನೋಡಿಕೊಳ್ಳಿ. ಹಬ್ಬಕ್ಕೆ ಒಂದು ವಾರ ಮೊದಲೇ ತಲುಪಲಿ. ನಿಮ್ಮಂಥ ಮೆಷಿನ್ ಕೆಲಸದವರು ಆಯುಧಪೂಜೆಗೇ ಕೊಟ್ಟುಬಿಟ್ಟರೂ ಒಳ್ಳೆಯದೇ; ಆ ದಿನ ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗುವ ಸಿಹಿಗೆ ನಮ್ಮಲ್ಲಿ ಹೆಚ್ಚಿನ ಅರ್ಥವಿದೆ.

ಪ್ರಶ್ನೆ: ಮೇಡಂ, ಮೈಸೂರಿನಲ್ಲಿ ನಾನು ಡಿಸೈನ್ ಸ್ಟುಡಿಯೋ ನಡೆಸುತ್ತೇನೆ. ಕಳೆದ ದೀಪಾವಳಿಗೆ ಒಂದು ಬಹುರಾಷ್ಟ್ರೀಯ ಕಂಪನಿಯ ಮ್ಯಾನೇಜರ್ ಮನೆಗೆ 3,500 ರೂಪಾಯಿಯ ಶಾಪಿಂಗ್ ವೋಚರ್ ಕಳುಹಿಸಿದ್ದೆ. ಎರಡು ದಿನಕ್ಕೆ ವಾಪಸ್ ಬಂತು, ಜೊತೆಗೆ ಒಂದು ಗಂಭೀರವಾದ ಇಮೇಲ್. ನನ್ನ ಉದ್ದೇಶದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಈ ವರ್ಷ ಕಳುಹಿಸದೇ ಇರಲೂ ಮನಸ್ಸಿಲ್ಲ.
— ಓದುಗರು, ಕುವೆಂಪುನಗರ

ಉತ್ತರ: ಬೆಲೆಯ ಜೊತೆಗೆ ಇನ್ನೂ ಎರಡು ವಿಷಯಗಳು ನಿಮ್ಮ ವಿರುದ್ಧ ನಿಂತವು. ಒಂದು, ಅದು ವೋಚರ್. ಬಹುತೇಕ ದೊಡ್ಡ ಕಂಪನಿಗಳ ನೀತಿಸಂಹಿತೆಯಲ್ಲಿ ವೋಚರ್, ಗಿಫ್ಟ್ ಕಾರ್ಡ್, ಚಿನ್ನದ ನಾಣ್ಯ ಎಲ್ಲವೂ ನಗದಿಗೆ ಸಮ. ನಗದಿಗೆ ಕನಿಷ್ಠ ಮಿತಿ ಅನ್ನುವುದೇ ಇಲ್ಲ. ಐನೂರರ ವೋಚರ್ ಕೂಡ ನಿಷಿದ್ಧ. ಎರಡು, ಅದು ಮನೆಗೆ ಹೋಯಿತು. ಮನೆಯ ವಿಳಾಸಕ್ಕೆ ಹೋದ ಉಡುಗೊರೆಯನ್ನು ಕಂಪನಿಯ ಕಣ್ಣು ತಪ್ಪಿಸಿ ಕೊಟ್ಟದ್ದೆಂದೇ ಲೆಕ್ಕ ಹಾಕುತ್ತಾರೆ. ಅಮೆರಿಕ, ಬ್ರಿಟನ್ನಿನ ಮೂಲ ಸಂಸ್ಥೆಗಳಿಗೆ ಅಲ್ಲಿನ ಲಂಚ ನಿಷೇಧ ಕಾನೂನುಗಳು ಅನ್ವಯಿಸುವುದರಿಂದ ಅವರು ಈ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಆ ಮ್ಯಾನೇಜರ್ ವಾಪಸ್ ಕಳುಹಿಸಿದ್ದು ನಿಮ್ಮ ಮೇಲಿನ ಅನುಮಾನದಿಂದಲ್ಲ, ತಮ್ಮ ಕೆಲಸ ಉಳಿಸಿಕೊಳ್ಳಲು.

ಈ ವರ್ಷ ಹಬ್ಬಕ್ಕೆ ಮೂರು ವಾರ ಮೊದಲು ಅವರಿಗೇ ಒಂದು ಸಣ್ಣ ಇಮೇಲ್ ಬರೆಯಿರಿ: 'ದೀಪಾವಳಿಗೆ ನಿಮ್ಮ ತಂಡಕ್ಕೆ ಒಂದು ಸಣ್ಣ ಡಬ್ಬಿ ಕಳುಹಿಸುವ ಆಸೆ ಇದೆ. ನಿಮ್ಮ ಸಂಸ್ಥೆಯ ನಿಯಮದಲ್ಲಿ ಒಪ್ಪಿಗೆ ಇದೆಯೇ, ಮಿತಿ ಎಷ್ಟು ಎಂದು ತಿಳಿಸಿದರೆ ಅದರಂತೆ ನಡೆಯುತ್ತೇವೆ.' ಹೀಗೆ ಕೇಳುವುದು ಸಣ್ಣತನವಲ್ಲ. ಎಷ್ಟೋ ಕಂಪನಿಗಳು ಹಬ್ಬದ ಮೊದಲೇ ತಾವಾಗಿ ಮಾರಾಟಗಾರರಿಗೆ ಸುತ್ತೋಲೆ ಕಳುಹಿಸುತ್ತವೆ. ನಿಮ್ಮ ಹಳೆಯ ಇಮೇಲ್‌ಗಳಲ್ಲಿ ಅದು ಓದದೆ ಬಿದ್ದಿರಲೂ ಸಾಕು. ನೀವು ಸಹಿ ಮಾಡಿದ ವೆಂಡರ್ ಒಪ್ಪಂದದ ಕೊನೆಯ ಪುಟಗಳನ್ನೂ ಒಮ್ಮೆ ತಿರುವಿ ಹಾಕಿ.

ಒಪ್ಪಿಗೆ ಬಂದರೆ ಒಬ್ಬರ ಹೆಸರಿಗೆ ಬೇಡ, ತಂಡದ ಹೆಸರಿಗೆ ಕಚೇರಿಯ ವಿಳಾಸಕ್ಕೆ ಕಳುಹಿಸಿ. ಹತ್ತು ಜನ ಹಂಚಿಕೊಂಡು ತಿನ್ನುವ ಎರಡು ಕಿಲೋ ಬಾದಾಮಿ, ಗೋಡಂಬಿಯನ್ನು ಯಾರೂ ತಪ್ಪಾಗಿ ತಿಳಿಯುವುದಿಲ್ಲ. ನಿಮ್ಮ ಸ್ಟುಡಿಯೋ ತಾನೇ ಮಾಡಿದ ಕ್ಯಾಲೆಂಡರ್ ಜೊತೆಗಿದ್ದರೆ ಅಂಗಡಿಯ ಯಾವ ವಸ್ತುವಿಗಿಂತಲೂ ಅದಕ್ಕೆ ಬೆಲೆ ಹೆಚ್ಚು. 'ಬೇಡ' ಎಂದು ಉತ್ತರ ಬಂದರೆ ಕೈಬರಹದ ಒಂದು ಶುಭಾಶಯ ಪತ್ರ ಸಾಕು. ಹೊಸ ಟೆಂಡರ್ ಅಥವಾ ದರ ಪರಿಷ್ಕರಣೆಯ ಮಾತುಕತೆ ನಡೆಯುತ್ತಿರುವ ತಿಂಗಳಲ್ಲಿ ಮಾತ್ರ, ಮಿತಿಯೊಳಗಿನದ್ದನ್ನೂ ಕಳುಹಿಸಬೇಡಿ.

ಪ್ರಶ್ನೆ: ಹುಬ್ಬಳ್ಳಿಯೊಳಗ ನಮ್ಮದು ಕೃಷಿ ಪಂಪ್‌ಸೆಟ್ ವಿತರಣೆಯ ಪಾಲುದಾರಿಕೆ ಸಂಸ್ಥೆ ಐತಿ. ಸುತ್ತಲಿನ ಊರುಗಳ ಡೀಲರ್‌ಗಳಿಗೆ ಪ್ರತಿ ವರ್ಷ ದೀಪಾವಳಿಗೆ ಬೆಳ್ಳಿ ಸಾಮಾನು ಕೊಡತೇವಿ. ಈ ಸಲ ನಮ್ಮ ಅಕೌಂಟಂಟ್ 'ಇಪ್ಪತ್ತು ಸಾವಿರ ದಾಟಿದರ ಟಿಡಿಎಸ್ ಕಟ್ಟಬೇಕ್ರೀ' ಅಂತಾರ. ನಾವು ಕೊಡೋದು ಎಂಟೂವರೆ ಸಾವಿರದ್ದು. ನಮಗ ಇದು ಸಂಬಂಧ ಐತೇನು?
— ಓದುಗರು, ಹುಬ್ಬಳ್ಳಿ

ಉತ್ತರ: ಸಂಬಂಧವಿರಬಹುದು. ಹಲವರು ಎಡವುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ವ್ಯಾಪಾರದ ಸಂಬಂಧದಿಂದ ಒಬ್ಬರು ಇನ್ನೊಬ್ಬರಿಗೆ ಕೊಡುವ ಪ್ರಯೋಜನದ ಮೇಲೆ ಶೇ 10ರಷ್ಟು ಟಿಡಿಎಸ್ ಕಟ್ಟಬೇಕೆಂಬ ನಿಯಮ 2022ರ ಜುಲೈ 1ರಿಂದ ಬಂದಿದೆ. ಹಳೆಯ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು ಸೆಕ್ಷನ್ 194ಆರ್. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಇದನ್ನು ಸೆಕ್ಷನ್ 393ರೊಳಗೆ ಸೇರಿಸಿದ್ದಾರೆ. 20,000 ರೂಪಾಯಿಯ ಮಿತಿ ಒಂದು ಉಡುಗೊರೆಗೆ ಅಲ್ಲ, ಒಬ್ಬ ಡೀಲರ್‌ಗೆ ಇಡೀ ಆರ್ಥಿಕ ವರ್ಷದಲ್ಲಿ ಕೊಟ್ಟದ್ದೆಲ್ಲ ಸೇರಿ. ಬೇಸಿಗೆಯ ಮಾರಾಟದ ಗುರಿ ಮುಟ್ಟಿದ್ದಕ್ಕೆ ಕೊಟ್ಟ ಫೋನು, ಗೋವಾ ಪ್ರವಾಸ, ಹಬ್ಬದ ಬೆಳ್ಳಿ, ಎಲ್ಲವೂ ಒಂದೇ ಲೆಕ್ಕಕ್ಕೆ ಬರುತ್ತವೆ. ಬಿಲ್ಲಿನಲ್ಲೇ ಕಡಿಮೆ ಮಾಡಿಕೊಟ್ಟ ರಿಯಾಯಿತಿ, ನಗದು ಪಾವತಿಗೆ ಕೊಡುವ ಕ್ಯಾಷ್ ಡಿಸ್ಕೌಂಟ್ ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ.

ಒಬ್ಬ ಡೀಲರ್‌ನ ಲೆಕ್ಕ ಹಾಕೋಣ. ಮೇ ತಿಂಗಳಲ್ಲಿ ಅವರಿಗೆ 14,000ದ ಫೋನ್ ಕೊಟ್ಟಿದ್ದೀರಿ ಎನ್ನಿ. ಆಗ ಮಿತಿ ದಾಟಿರಲಿಲ್ಲ, ತೆರಿಗೆ ಕಟ್ಟಲಿಲ್ಲ. ಈಗ 8,500ರ ಬೆಳ್ಳಿ ಬಟ್ಟಲು ಕೊಟ್ಟರೆ ಒಟ್ಟು 22,500. ಮಿತಿ ದಾಟಿದ 2,500ಕ್ಕೆ ಮಾತ್ರ ತೆರಿಗೆ ಎಂದುಕೊಳ್ಳಬೇಡಿ. ದಾಟಿದ ಮೇಲೆ ಇಡೀ 22,500ಕ್ಕೂ ತೆರಿಗೆ ಬೀಳುತ್ತದೆ, ಅಂದರೆ 2,250 ರೂಪಾಯಿ. ಬೆಳ್ಳಿ ಬಟ್ಟಲಿನಿಂದ ಟಿಡಿಎಸ್ ಕತ್ತರಿಸಲು ಬರುವುದಿಲ್ಲವಲ್ಲ! ಹಾಗಾಗಿ ವಸ್ತುವನ್ನು ಕೈಗೆ ಕೊಡುವ ಮೊದಲೇ ತೆರಿಗೆ ಪಾವತಿಯಾಗಿರುವುದನ್ನು ನೀವು ಖಚಿತಪಡಿಸಿಕೊಳ್ಳಬೇಕು. ಡೀಲರ್ ತಾವೇ ಮುಂಗಡ ತೆರಿಗೆಯಾಗಿ ಕಟ್ಟಿ ಚಲನ್ ಪ್ರತಿ ಮತ್ತು ಘೋಷಣೆ ಕೊಡಬಹುದು. ಹಬ್ಬದ ಉಡುಗೊರೆ ಕೊಟ್ಟು 'ತೆರಿಗೆ ನೀವೇ ಕಟ್ಟಿ' ಎನ್ನಲು ಮನಸ್ಸಾಗದಿದ್ದರೆ ನೀವೇ ಕಟ್ಟಬಹುದು. ಆಗ ನೀವು ಕಟ್ಟುವ ತೆರಿಗೆಯೂ ಅವರಿಗೆ ಆದ ಪ್ರಯೋಜನವೇ. 22,500ನ್ನು 0.9ರಿಂದ ಭಾಗಿಸಿದರೆ 25,000. ಅದರ ಶೇ 10 ಎಂದರೆ 2,500 ಕಟ್ಟಬೇಕು. ಡೀಲರ್ ಪ್ಯಾನ್ ಕೊಡದಿದ್ದರೆ ದರ ಶೇ 20ಕ್ಕೆ ಏರುತ್ತದೆ.

ಇದನ್ನು ತಪ್ಪಿಸಿಕೊಳ್ಳುವ ನ್ಯಾಯವಾದ ದಾರಿಯೂ ಇದೆ. ವರ್ಷದ ಆರಂಭದಲ್ಲೇ ಪ್ರತಿ ಡೀಲರ್‌ಗೆ ಒಂದು ಪುಟ ತೆರೆದು ಕೊಟ್ಟದ್ದನ್ನೆಲ್ಲ ಬರೆಯುತ್ತ ಬನ್ನಿ. ಅಕ್ಟೋಬರಿನಲ್ಲಿ ಆ ಪುಟ ನೋಡಿದಾಗ 14,000 ಎಂದಿದ್ದರೆ ಆ ಡೀಲರ್‌ಗೆ ಈ ಬಾರಿ ಐದು ಸಾವಿರದೊಳಗಿನ ಉಡುಗೊರೆ ಆರಿಸಿ. ಬೆಲೆ ಎಂದರೆ ನೀವು ಕೊಂಡ ಬೆಲೆ. ಈ ನಿಯಮಕ್ಕೆ ಜಿಎಸ್‌ಟಿಯನ್ನು ಅದರಲ್ಲಿ ಸೇರಿಸಬೇಕಿಲ್ಲ.

ನಿಮ್ಮ ವಹಿವಾಟು ಸಣ್ಣದು ಎಂದು ಬಿಟ್ಟುಬಿಡಬೇಡಿ. ಹಿಂದಿನ ವರ್ಷದ ವ್ಯಾಪಾರ ವಹಿವಾಟು ಒಂದು ಕೋಟಿ, ವೃತ್ತಿಯಾದರೆ ಐವತ್ತು ಲಕ್ಷ ದಾಟಿರದಿದ್ದರೆ ಸಿಗುವ ವಿನಾಯಿತಿ ಇರುವುದು ಒಬ್ಬರೇ ಮಾಲೀಕರಾಗಿರುವ ವ್ಯಕ್ತಿಗೆ ಮತ್ತು ಹಿಂದೂ ಅವಿಭಕ್ತ ಕುಟುಂಬಕ್ಕೆ ಮಾತ್ರ. ಪಾಲುದಾರಿಕೆ ಸಂಸ್ಥೆಗೆ ಅದು ಇಲ್ಲ, ವಹಿವಾಟು ಎಷ್ಟೇ ಇರಲಿ. ಇನ್ನೊಂದು: ಡೀಲರ್ ಕಂಪನಿಯಾಗಿದ್ದು ನೀವು ಅದರ ನೌಕರರ ಕೈಗೆ ಕೊಟ್ಟರೂ, ಲೆಕ್ಕದಲ್ಲಿ ಅದು ಆ ಕಂಪನಿಗೆ ಕೊಟ್ಟಂತೆ. ಮೂವರು ನೌಕರರಿಗೆ ಎಂಟೆಂಟು ಸಾವಿರದ್ದು ಕೊಟ್ಟರೆ ಕಂಪನಿಯ ಹೆಸರಲ್ಲಿ 24,000 ಆಗುತ್ತದೆ.

ಪ್ರಶ್ನೆ: ಉಡುಗೊರೆಗೆಂದು ಕೊಂಡ ವಸ್ತುಗಳ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಳ್ಳಬಹುದೇ? ನಮ್ಮ ಮಾರಾಟಗಾರರು 'ಬಿಸಿನೆಸ್ ಪ್ರಮೋಷನ್ ಅಂತ ಬಿಲ್ ಬರೆದುಕೊಡ್ತೀನಿ, ಕ್ಲೇಮ್ ಮಾಡ್ಕೊಳ್ಳಿ' ಎನ್ನುತ್ತಾರೆ.
— ಓದುಗರು, ತುಮಕೂರು

ಉತ್ತರ: ಆಗುವುದಿಲ್ಲ. ಉಡುಗೊರೆಯಾಗಿ ಕೊಟ್ಟ ವಸ್ತುವಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ ಎಂದು ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5) ಸ್ಪಷ್ಟವಾಗಿ ಹೇಳಿದೆ. ಬಿಲ್ಲಿನ ಮೇಲೆ ಏನೇ ಬರೆದಿರಲಿ, ವಸ್ತು ಹೋದದ್ದು ಉಡುಗೊರೆಯಾಗಿ ಎಂಬುದೇ ಮುಖ್ಯ. ಈಗಾಗಲೇ ಕ್ರೆಡಿಟ್ ತೆಗೆದುಕೊಂಡಿದ್ದರೆ ಜಿಎಸ್‌ಟಿಆರ್-3ಬಿ ರಿಟರ್ನ್‌ನಲ್ಲಿ ಅದನ್ನು ವಾಪಸ್ ಮಾಡಿಬಿಡಿ. ವರ್ಷಕ್ಕೆ 50,000 ರೂಪಾಯಿವರೆಗೆ ವಿನಾಯಿತಿ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಮಾಲೀಕ ತನ್ನ ನೌಕರನಿಗೆ ಕೊಡುವ ಉಡುಗೊರೆಗೆ ಸಂಬಂಧಿಸಿದ ನಿಯಮ, ಗ್ರಾಹಕರಿಗೆ ಅನ್ವಯಿಸುವುದಿಲ್ಲ.

ಹಾಗಾಗಿ ಬಜೆಟ್ ಹಾಕುವಾಗ ತೆರಿಗೆಯೂ ನಿಮ್ಮ ಖರ್ಚೇ ಎಂದು ಹಿಡಿಯಿರಿ. ಹ್ಯಾಂಪರ್ ಕೊಳ್ಳುವವರು ಗಮನಿಸಬೇಕಾದದ್ದು ಇನ್ನೊಂದಿದೆ. ಬೇರೆ ಬೇರೆ ದರದ ವಸ್ತುಗಳನ್ನು ಒಟ್ಟಿಗೆ ಕಟ್ಟಿ ಒಂದೇ ಬೆಲೆಗೆ ಮಾರಿದರೆ, ಅದರೊಳಗಿನ ಅತಿ ಹೆಚ್ಚಿನ ದರ ಇಡೀ ಹ್ಯಾಂಪರ್‌ಗೆ ಬೀಳುತ್ತದೆ. ಒಣಹಣ್ಣಿಗೆ ಶೇ 5. ಅದರ ಪಕ್ಕದಲ್ಲಿ ಒಂದು ವ್ಯಾಕ್ಯೂಮ್ ಫ್ಲಾಸ್ಕ್ ಇಟ್ಟರೆ ಫ್ಲಾಸ್ಕಿನ ಶೇ 18 ಎಲ್ಲಕ್ಕೂ. ಸಾವಿರ ರೂಪಾಯಿಯ ಒಣಹಣ್ಣಿಗೆ 50 ರೂಪಾಯಿ ತೆರಿಗೆ ಆಗಬೇಕಿದ್ದಲ್ಲಿ 180 ಆಗುತ್ತದೆ. 40 ಹ್ಯಾಂಪರ್‌ಗೆ 5,200 ರೂಪಾಯಿ ಹೆಚ್ಚು, ಅದೂ ವಾಪಸ್ ಬರದ ಹಣ. ಒಣಹಣ್ಣನ್ನು ಒಂದು ಅಂಗಡಿಯಲ್ಲಿ, ಫ್ಲಾಸ್ಕನ್ನು ಇನ್ನೊಂದು ಕಡೆ ಕೊಂಡು ನಿಮ್ಮ ಕಚೇರಿಯಲ್ಲೇ ಡಬ್ಬಿಗೆ ತುಂಬಿಸಿ. ಅರ್ಧ ದಿನದ ಕೆಲಸ.

ಆದಾಯ ತೆರಿಗೆಯಲ್ಲಿ ಮಾತ್ರ ಈ ಖರ್ಚನ್ನು ವ್ಯಾಪಾರದ ಖರ್ಚಾಗಿ ತೋರಿಸಬಹುದು. ಅದಕ್ಕೆ ಯಾರಿಗೆ, ಯಾವ ಕಂಪನಿ, ಏನು, ಎಷ್ಟರದ್ದು ಎಂಬ ಪಟ್ಟಿ ಬಿಲ್ಲಿನ ಜೊತೆ ಇರಲಿ. ಅಂಗಡಿಯವರಿಗೆ ನಗದು ಕೊಡಬೇಡಿ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನೇ ಒಪ್ಪುವುದಿಲ್ಲ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ವಿದ್ಯುತ್ ಕಾಮಗಾರಿಯ ಗುತ್ತಿಗೆದಾರ. ಕೆಲಸ ಬರುವುದೆಲ್ಲ ಸರ್ಕಾರಿ ಕಚೇರಿಗಳಿಂದ. ಎಂಜಿನಿಯರ್ ಸಾಹೇಬರಿಗೆ, ಬ್ಯಾಂಕ್ ಮ್ಯಾನೇಜರ್‌ಗೆ ಹಬ್ಬಕ್ಕೆ ಏನಾದರೂ ಕೊಡುವುದು ನಮ್ಮಲ್ಲಿ ಮಾಮೂಲು. ಸರ್ಕಾರಿ ನೌಕರರು ಐದು ಸಾವಿರದವರೆಗೆ ತೆಗೆದುಕೊಳ್ಳಬಹುದು ಎಂದು ಕೇಳಿದ್ದೇನೆ. ಅಷ್ಟರೊಳಗೆ ಕೊಟ್ಟರೆ ತಪ್ಪಿಲ್ಲವಲ್ಲ?
— ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಕೊಡಬೇಡಿ. ನೀವು ಕೇಳಿರುವ ಸಂಖ್ಯೆ ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳದ್ದು. ಎ ಮತ್ತು ಬಿ ಗುಂಪಿನವರು 5,000, ಸಿ ಗುಂಪಿನವರು 2,000 ರೂಪಾಯಿ ಮೀರಿದ ಉಡುಗೊರೆಗೆ ಮೊದಲು ಅನುಮತಿ ಪಡೆಯಬೇಕು ಎನ್ನುತ್ತವೆ ಅವು. ರಾಜ್ಯ ಸರ್ಕಾರದ ನೌಕರರಿಗೆ ರಾಜ್ಯದ ಬೇರೆಯೇ ನಿಯಮಗಳಿವೆ. ಆದರೆ ಈ ಮಿತಿಗಳು ಹೇಳುವುದು ನೌಕರ ತನ್ನ ಇಲಾಖೆಗೆ ಯಾವಾಗ ಉತ್ತರ ಕೊಡಬೇಕು ಎಂಬುದನ್ನು. ಆ ನೌಕರನ ಸಹಿಗಾಗಿ ಕಾಯುತ್ತಿರುವ ಗುತ್ತಿಗೆದಾರ ಇಷ್ಟರವರೆಗೆ ಕೊಡಬಹುದು ಎಂಬ ಪರವಾನಗಿ ಅವು ಅಲ್ಲ.

ನಿಮಗೆ ಅನ್ವಯಿಸುವುದು ಭ್ರಷ್ಟಾಚಾರ ತಡೆ ಕಾಯ್ದೆ. ಅದರಲ್ಲಿ ಕನಿಷ್ಠ ಮೊತ್ತವೆಂಬ ವಿನಾಯಿತಿ ಇಲ್ಲ. 2018ರ ತಿದ್ದುಪಡಿಯ ನಂತರ ಕೊಡುವವರೂ ನೇರವಾಗಿ ಅಪರಾಧಿಗಳೇ; ಏಳು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಬಿಲ್ ಪಾಸಾಗುವುದು ಬಾಕಿ ಇರುವಾಗ ಕೊಟ್ಟ ಎರಡು ಸಾವಿರದ ಡಬ್ಬಿಯನ್ನು ಹಬ್ಬದ ಪ್ರೀತಿ ಎಂದು ಸಾಬೀತು ಮಾಡುವುದು ಬಹಳ ಕಷ್ಟ. ಅವರೇ ಒತ್ತಾಯಿಸಿ ಕೇಳಿದ್ದರಿಂದ ಕೊಡಬೇಕಾಗಿ ಬಂದಿದ್ದರೆ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ಕಾಯ್ದೆ ರಕ್ಷಣೆ ಕೊಡುತ್ತದೆ. ಆ ದಿನಗಳನ್ನು ಕಳೆದುಕೊಳ್ಳಬೇಡಿ.

ಬ್ಯಾಂಕ್ ಮ್ಯಾನೇಜರ್ ವಿಷಯಕ್ಕೆ ಬಂದರೆ, ರಾಷ್ಟ್ರೀಕೃತ ಬ್ಯಾಂಕಿನವರು ಸರ್ಕಾರಿ ನೌಕರರಂತೆಯೇ. ಖಾಸಗಿ ಬ್ಯಾಂಕಿನ ಅಧಿಕಾರಿಗಳೂ ಈ ಕಾಯ್ದೆಯ ಮಟ್ಟಿಗೆ ಸಾರ್ವಜನಿಕ ಸೇವಕರೇ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಔಷಧ ವ್ಯಾಪಾರದಲ್ಲಿರುವ ಓದುಗರು ಕೂಡ ಇದರ ಜೊತೆಗೇ ನೆನಪಿಟ್ಟುಕೊಳ್ಳಲಿ: ವೈದ್ಯರಿಗೆ ಔಷಧ ಕಂಪನಿಗಳು ಕೊಡುವ ಉಡುಗೊರೆಯ ಖರ್ಚನ್ನು ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲ ಎಂದು 2022ರಲ್ಲಿ ಅದೇ ನ್ಯಾಯಾಲಯ ಹೇಳಿದೆ.

ಹಬ್ಬದ ದಿನ ಅವರನ್ನು ಕಂಡಾಗ ಕೈಮುಗಿದು ಶುಭಾಶಯ ಹೇಳಿ, ಅಷ್ಟು ಸಾಕು. ಉಡುಗೊರೆಗೆಂದು ತೆಗೆದಿಟ್ಟ ಹಣವನ್ನು ಮಳೆಯಲ್ಲಿ ಕಂಬ ಹತ್ತುವ ನಿಮ್ಮ ಲೈನ್ ಕೆಲಸಗಾರರಿಗೆ ಹಬ್ಬದ ಬೋನಸ್ ಆಗಿ ಕೊಡಿ. ಅದಕ್ಕೆ ಯಾವ ಅನುಮತಿಯೂ ಬೇಕಿಲ್ಲ.